ತಾಟಿನಲ್ಲಿ ಒಣಗಿದ ಪತ್ರೆ

ಇದನ್ನು ಎರಡು ಸಲ ಬರೆದು ಹರಿದಿದ್ದೇನೆ. ಎರಡು ಸಲವೂ ಬರೆಯುತ್ತ ಬರೆಯುತ್ತ ನಾನು ಒಳ್ಳೆಯವನಾಗಿಬಿಟ್ಟಿದ್ದೆ. ನಿಜವಾಗಿ ಆ ದಿನಗಳಲ್ಲಿ ನಾನು ಯಾರಿಗೂ ಒಳ್ಳೆಯವನಾಗಿರಲಿಲ್ಲ. ಮನೆಯವರನ್ನು ಕಂಡರೆ ಮೈ ಉರಿಯುತ್ತಿತ್ತು. ಹೆಂಡತಿ ಚಹಾ ಲೋಟ ಇಟ್ಟ ಸದ್ದಿಗೂ ಹಲ್ಲು ಕಚ್ಚುತ್ತಿದ್ದೆ.

ಶಿಕಾರಿಪುರದಲ್ಲಿ ನಮ್ಮದು ಬೀಜ, ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಗಲ್ಲಾದಲ್ಲಿ ಅಣ್ಣ ಕೂರುತ್ತಾನೆ. ಔಷಧಿಯ ಗೋದಾಮು ನನ್ನದು, ಅದರ ಕೀಲಿಯೂ ನನ್ನ ಸೊಂಟದಲ್ಲೇ ಇರುತ್ತಿತ್ತು. ಹೊಸ ಮೆಕ್ಕೆಜೋಳದ ಬೀಜ ಬಂದಾಗ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ನೋಡದೆ ನಾನು ಒಂದು ಚೀಲವನ್ನೂ ಮಾರಗೊಡುತ್ತಿರಲಿಲ್ಲ. ಹೇಳಿಕೊಳ್ಳುವಂಥ ಚಟ ನನಗೆ ಅದೊಂದೇ ಇತ್ತು. ಆ ವರ್ಷ ಗೋಣಿ ಸುತ್ತಿಟ್ಟೆ, ಬಿಚ್ಚಲಿಲ್ಲ. ಎಂಟನೇ ದಿನವೋ ಹತ್ತನೇ ದಿನವೋ ನಾರತೊಡಗಿತು. ಅಣ್ಣ ಎತ್ತಿ ಹೊರಗೆ ಎಸೆದ. ನನಗೆ ಏನೂ ಅನ್ನಿಸಲಿಲ್ಲ. ದುಃಖವಾಯಿತು ಎಂದು ಹಿಂದಿನ ಸಲ ಬರೆದಿದ್ದೆ. ಅದು ಸುಳ್ಳು. ದುಃಖವಾಗಿದ್ದರೆ ಅಷ್ಟಾದರೂ ಇತ್ತು ಎನ್ನಬಹುದಿತ್ತು.

ನಿದ್ದೆ ಮೊದಲೇ ಕೆಟ್ಟಿತ್ತು. ಮಲಗಿದ ಕೂಡಲೇ ಬರುತ್ತಿತ್ತು, ನಾಲ್ಕಕ್ಕೆ ಮುಂಚೆ ಹೋಗಿಬಿಡುತ್ತಿತ್ತು. ಆಮೇಲೆ ಎಷ್ಟು ಹೊರಳಿದರೂ ಮರಳಿ ಬರುತ್ತಿರಲಿಲ್ಲ. ಹಾಸಿಗೆಯಲ್ಲಿ ಇರಲಾರದೆ ಎದ್ದು, ಮೈಮೇಲೆ ನೀರು ಹಾಕಿಕೊಂಡು, ದೇವರ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಯಾರೂ ಬಂದು ಮಾತಾಡಿಸದ ಜಾಗ ಅದೊಂದೇ.

ಅವ್ವ ಇದನ್ನು ಕಂಡುಹಿಡಿದಳು. ನಮ್ಮಲ್ಲಿ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಏನೂ ಹಾಕಬಾರದು. ನಾನು ನಾಲ್ಕಕ್ಕೆ ಕೋಣೆ ಸೇರಿದರೆ ಏಳರವರೆಗೆ ಹೊರಗೆ ಬರುತ್ತಿರಲಿಲ್ಲ. ಬಂದ ಮೇಲೂ ಮಧ್ಯಾಹ್ನದವರೆಗೆ ಏನೂ ತಿನ್ನುತ್ತಿರಲಿಲ್ಲ. ಪಂಚೆ ಸಡಿಲವಾಗಿತ್ತು. ಮಾತು ನಿಂತಿತ್ತು. ಇವೆಲ್ಲವನ್ನೂ ಕೂಡಿಸಿ ಅವ್ವ ತೀರ್ಮಾನಿಸಿದಳು. ಬಂದವರಿಗೆಲ್ಲ ಹೇಳಿದಳು.

"ನಮ್ಮ ಸಣ್ಣಾತಗೆ ಶಿವ ಒಲಿದಾನವ್ವ. ಮೂರು ತಾಸು ಪೂಜಿ. ಉಪವಾಸ ಬೇರೆ. ನಮ್ಮಂಥವರ ಕೈಲಿ ಆಗ್ತದಾ?"

ತೊಗರ್ಸಿಯಿಂದ ಬಂದಿದ್ದ ನೆಂಟರೊಬ್ಬರು ನನ್ನ ಕಾಲು ಮುಟ್ಟಲು ಬಗ್ಗಿದರು. ನಾನು ತಡೆಯಲಿಲ್ಲ. ಭಕ್ತ ಎಂದರೆ ಪ್ರಶ್ನೆ ಕೇಳುವುದಿಲ್ಲ, ಅಷ್ಟು ಸಾಕಾಗಿತ್ತು. ಒಳಗೆ ನಾನು ಮಾಡುತ್ತಿದ್ದದ್ದು ಇಷ್ಟೇ: ಚಾಪೆಯ ಮೇಲೆ ಕೂತು ಗೋಡೆ ನೋಡುವುದು. ಲಿಂಗವಿರುವ ಕರಡಿಗೆಯ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ. ಹೊರಗೆ ಬರುವಾಗ ಉದುರಿದ್ದ ವಿಭೂತಿಯನ್ನು ಒಂದು ಬೆರಳಲ್ಲಿ ಹಣೆಗೆ ಎಳೆದುಕೊಳ್ಳುತ್ತಿದ್ದೆ.

ಮೊದಲು ಅಣ್ಣ ಬಸ್‌ ನಿಲ್ದಾಣದ ಹತ್ತಿರದ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದ. ಸೀಸನ್ ಟೈಮು, ಟೆನ್ಷನ್ ಇರುತ್ತದೆ ಎಂದು ಅವರು ಶಕ್ತಿಯ ಇಂಜೆಕ್ಷನ್ ಕೊಟ್ಟು, ಗ್ಯಾಸಿಗೆ ಮಾತ್ರೆ ಬರೆದರು. ಸೀಸನ್ ಮುಗಿಯಿತು. ಏನೂ ಬದಲಾಗಲಿಲ್ಲ.

ನನ್ನ ಹೆಂಡತಿ ಸೊರಬದವಳು. ಮಾತು ಕಡಿಮೆ, ಆಡಿದ್ದು ಖಡಕ್ಕು. ಒಂದು ಸೋಮವಾರ ಅಣ್ಣನ ಎದುರು ನಿಂತಳು.

"ಭಾವ, ನಾಳೆ ಇವರನ್ನ ಸೊರಬದ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಮಂಗಳವಾರಕ್ಕೊಮ್ಮೆ ಜಿಲ್ಲೆಯಿಂದ ಮನಸ್ಸಿನ ಡಾಕ್ಟ್ರು ಬರ್ತಾರೆ."

"ಯಾಕ, ಇಲ್ಲಿ ಆಸ್ಪತ್ರಿ ಇಲ್ಲೇನು?"

"ಇಲ್ಲಿ ಬೇಡ ಅಂತ ನೀವೇ ಹೇಳ್ತೀರಿ. ನಾಲ್ಕು ಜನ ನೋಡ್ತಾರೆ ಅಂತ."

"ಹುಚ್ಚು ಹಿಡಿದವ್ರು ಹೋಗಾ ಜಾಗ ಅದು. ಇವ ಪೂಜಿ ಮಾಡಾ ಮನುಷ್ಯ."

"ಹಂಗಾದ್ರೆ ನೀವೂ ಬನ್ನಿ. ಡಾಕ್ಟ್ರಿಗೆ ಅದನ್ನೇ ಹೇಳಿ."

ನನ್ನನ್ನು ಇಬ್ಬರೂ ಕೇಳಲಿಲ್ಲ. ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ.

ಅಣ್ಣ ಕಾರು ತೆಗೆದ. ಶಿರಾಳಕೊಪ್ಪ ದಾಟಿ ಸೊರಬ ಸೇರಿದೆವು. ಆಸ್ಪತ್ರೆಯ ಬೆಂಚಿನಲ್ಲಿ ಕುಪ್ಪಗಡ್ಡೆ ಕಡೆಯ ಇಬ್ಬರು ಗದ್ದೆ ನಾಟಿಯ ಮಾತು ಆಡುತ್ತಿದ್ದರು. ಅವರೂ ಇದಕ್ಕೇ ಬಂದವರು ಎಂದು ಗೊತ್ತಾದಾಗ ನನಗೆ ಅವರ ಮೇಲೂ ಸಿಟ್ಟು ಬಂತು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಒಂದು ಹಾಳೆ ಮುಂದಿಟ್ಟುಕೊಂಡು ಕೇಳಿದರು. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದೆ ಎಷ್ಟು ದಿನ ಇದ್ದಿರಿ? ಇಲ್ಲವೇ ಇಲ್ಲವಾ, ಕೆಲವು ದಿನವಾ, ಅರ್ಧಕ್ಕಿಂತ ಹೆಚ್ಚು ದಿನವಾ, ಹೆಚ್ಚುಕಡಿಮೆ ದಿನಾಲೂನಾ? ಮನಸ್ಸು ಕುಗ್ಗಿರುವುದು? ಸುಸ್ತು? ನಿದ್ದೆ?

ನಿದ್ದೆಯ ಪ್ರಶ್ನೆಗೆ ಅಣ್ಣ ಉತ್ತರಿಸಿದ. "ನಿದ್ದಿ ಕಮ್ಮಿ ಅಂತಲ್ರೀ ಮೇಡಮ್. ಇವ ಈಗ ಭಾಳ ಭಕ್ತಿವಂತ ಆಗ್ಯಾನೆ. ನಾಕಕ್ಕೇ ಎದ್ದು ಪೂಜಿಗೆ ಕೂರ್ತಾನೆ."

"ಊಟ?"

"ಉಪವಾಸ ಹಿಡಿದಾನ್ರೀ. ಅದೂ ಭಕ್ತೀನೇ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಹೆಂಡತಿ ಚೀಲಕ್ಕೆ ಕೈ ಹಾಕಿ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಒಣಗಿದ ಬಿಲ್ವಪತ್ರೆ.

"ದಿನಾ ರಾತ್ರಿ ಪೂಜೆಗೆ ತಾಟಿನಲ್ಲಿ ಪತ್ರೆ, ತಂಬಿಗೆ ನೀರು ಇಟ್ಟು ಮಲಗೋದು ನಾನು. ಇಪ್ಪತ್ತೊಂಬತ್ತು ದಿನದ ಪತ್ರೆ ಇದು. ಇಟ್ಟಲ್ಲೇ ಒಣಗಿದೆ. ತಂಬಿಗೆ ನೀರು ಒಂದು ಹನಿ ಕಮ್ಮಿ ಆಗಿಲ್ಲ. ಇವರು ಪೂಜೆ ಮಾಡ್ತಿಲ್ಲ ಮೇಡಂ. ಸುಮ್ನೆ ಕೂತಿರ್ತಾರೆ."

ಈಗ ಕೇಳಿದರೆ ಹೆಂಡತಿ, ಪೊಟ್ಟಣ ತಂದಿರಲೇ ಇಲ್ಲ, ಬಾಯಲ್ಲಿ ಹೇಳಿದೆ ಅಷ್ಟೇ ಎನ್ನುತ್ತಾಳೆ. ನನಗೆ ಮಾತ್ರ ಆ ಪೊಟ್ಟಣ ಕಾಣುತ್ತದೆ, ಸುತ್ತಿದ ಹಾಳೆಯ ಮೇಲಿದ್ದ ಟ್ರ್ಯಾಕ್ಟರಿನ ಚಿತ್ರದ ಸಮೇತ. ನಮ್ಮಿಬ್ಬರಲ್ಲಿ ಒಬ್ಬರು ತಪ್ಪು. ಆ ಹೊತ್ತಿಗೆ ನನಗೆ ಅವಳ ಮೇಲೆ ಬಂದ ದ್ವೇಷದಲ್ಲಿ ಮಾತ್ರ ತಪ್ಪಿಲ್ಲ. ನಾನು ಹಾಕಿಕೊಂಡು ಕೂತಿದ್ದ ಒಂದು ಬಾಗಿಲನ್ನೂ ಅವಳು ತೆಗೆದುಬಿಟ್ಟಳು ಎನಿಸಿತು.

ಕೊನೆಯ ಪ್ರಶ್ನೆ ಸಾವಿನದು. ಸತ್ತರೆ ಚೆನ್ನಾಗಿತ್ತು, ನನಗೆ ನಾನೇ ಏನಾದರೂ ಮಾಡಿಕೊಳ್ಳಬೇಕು ಎನಿಸಿದ್ದು ಉಂಟಾ?

"ಛೆ, ನಮ್ಮ ಮನ್ಯಾಗ ಅಂಥವ್ರು ಯಾರೂ ಇಲ್ರೀ" ಎಂದ ಅಣ್ಣ.

"ನೀವು ಸ್ವಲ್ಪ ಹೊರಗೆ ಕೂತಿರಿ. ಅಮ್ಮಾ, ನೀವೂ" ಎಂದರು ಡಾಕ್ಟರು.

ಇಬ್ಬರೂ ಹೋದರು. ಡಾಕ್ಟರು ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿದರು. ಬೆಲೆ ಕೇಳಿದ ಹಾಗೆ. ಮರುಕ ತೋರಿಸಿದ್ದರೆ ನಾನು ಸುಳ್ಳು ಹೇಳುತ್ತಿದ್ದೆ.

"ಹೌದು" ಎಂದೆ.

ಎಷ್ಟು ದಿನದಿಂದ, ಹೇಗೆ ಎಂದು ಯೋಚಿಸಿದ್ದೀರಾ, ಹಿಂದೆ ಯಾವತ್ತಾದರೂ ಪ್ರಯತ್ನಿಸಿದ್ದೀರಾ, ಕುಡಿಯುತ್ತೀರಾ ಎಂದೆಲ್ಲ ಕೇಳಿದರು. ಯಾವಾಗಲಾದರೂ ಇದರ ಉಲ್ಟಾ, ನಿದ್ದೆಯೇ ಬೇಡ ಎನ್ನುವಷ್ಟು ಹುರುಪು, ಮಾತು, ಖರ್ಚು ಹೆಚ್ಚಾದದ್ದು ಇದೆಯಾ ಎಂದೂ ಕೇಳಿದರು. ಇರಲಿಲ್ಲ. ಕೊನೆಗೆ, "ಏನು ಕೆಲಸ ಮಾಡ್ತೀರಿ?"

ಹೇಳಿದೆ.

"ಗೋದಾಮಿನ ಕೀಲಿ ಯಾರ ಹತ್ರ ಇರುತ್ತೆ?"

ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅವರು ಅದನ್ನು ನೋಡಿದರು, ನಾನೂ ನೋಡಿಕೊಂಡೆ.

"ಈ ಒಂದು ವಿಷಯ ನಿಮ್ಮ ಮನೆಯವರಿಗೆ ಹೇಳಲೇಬೇಕು. ನಿಮ್ಮೆದುರೇ ಹೇಳ್ತೀನಿ" ಎಂದು ಇಬ್ಬರನ್ನೂ ಒಳಗೆ ಕರೆದರು.

ಇದು ಬರೀ ಟೆನ್ಷನ್ ಅಲ್ಲ, ಖಿನ್ನತೆ ಎಂಬ ಕಾಯಿಲೆ. ದಿನಾಲೂ, ಎರಡು ವಾರಕ್ಕಿಂತ ಹೆಚ್ಚು ಹೀಗೆಯೇ ಇದ್ದು ಊಟ, ನಿದ್ದೆ, ಕೆಲಸ ಎಲ್ಲ ಕೆಟ್ಟಿದೆ ಎಂದರು. ಥೈರಾಯ್ಡ್, ರಕ್ತ, ಸಕ್ಕರೆ ನೋಡೋಣ ಎಂದರು. ಮಾತ್ರೆ ಬರೆದು, ಮೊದಲ ವಾರ ಹೊಟ್ಟೆ ತೊಳಸಬಹುದು, ಮನಸ್ಸಿಗೆ ಹತ್ತಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು, ಆರಾಮಾಯಿತು ಎಂದು ನೀವೇ ನಿಲ್ಲಿಸಬೇಡಿ, ಆಮೇಲೂ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು ಎಂದರು. ಸಾಯುವ ಯೋಚನೆ ಜೋರಾದರೆ ಮಂಗಳವಾರಕ್ಕೆ ಕಾಯದೆ ಯಾವ ಹೊತ್ತಿಗಾದರೂ ಹತ್ತಿರದ ಆಸ್ಪತ್ರೆಗೆ ಬನ್ನಿ, ಒಬ್ಬರನ್ನೇ ಬಿಡಬೇಡಿ ಎಂದರು. ಕೊನೆಗೆ ಕೀಲಿಯ ಮಾತು: ಸದ್ಯಕ್ಕೆ ಅದು ಇವರ ಕೈಯಲ್ಲಿ ಇರಬಾರದು.

ಅಣ್ಣನ ಮುಖ ಕೆಂಪಾಯಿತು. "ಆಗಲ್ರೀ. ಹತ್ತು ವರ್ಷದಿಂದ ಗೋದಾಮು ಇವಂದು. ಕೀಲಿ ಕಸ್ಕೊಂಡ್ರ ಊರಿಗೇ ಡಂಗುರ ಹೊಡ್ದಂಗೆ."

"ಹೊಡೀಲಿ" ಎಂದಳು ಹೆಂಡತಿ. ನನ್ನ ಕಡೆ ಕೈ ಚಾಚಿದಳು.

ಕೊಟ್ಟೆ ಎಂದು ಬರೆಯಬಹುದು. ಕೊಡಲಿಲ್ಲ. ಅವಳೇ ಪಂಚೆಯ ಅಂಚು ಸರಿಸಿ, ಡಾಕ್ಟರ ಎದುರು, ದಾರ ಬಿಚ್ಚಿ ತೆಗೆದುಕೊಂಡಳು. ಅಂಥ ಅವಮಾನ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಅಂದಿನಿಂದ ಗೋದಾಮು ತೆಗೆಯಲು ಹೆಂಡತಿ ಅಂಗಡಿಗೆ ಬಂದಳು. ನನ್ನನ್ನು ಗೊಬ್ಬರದ ಕಡೆ ಕೂರಿಸಿದರು. ಅಣ್ಣ ಅವಳೊಂದಿಗೆ ಮಾತು ಬಿಟ್ಟ. ಮೊದಲ ವಾರ ಹೊಟ್ಟೆ ತೊಳಸಿತು, ಡಾಕ್ಟರು ಹೇಳಿದ್ದರಲ್ಲಿ ಅದೊಂದು ನಿಜವಾಯಿತು. ಎರಡು ವಾರಕ್ಕೆ ಮತ್ತೆ ಸೊರಬಕ್ಕೆ ಹೋದೆವು. ರಕ್ತದಲ್ಲಿ ಏನೂ ದೋಷ ಸಿಕ್ಕಿರಲಿಲ್ಲ. ಡೋಸ್ ಹೆಚ್ಚಿಸಿದರು. ನಾಲ್ಕನೇ ವಾರವೋ ಐದನೇ ವಾರವೋ, ಒಂದು ಬೆಳಿಗ್ಗೆ ಎಚ್ಚರವಾದಾಗ ಹೊರಗೆ ಬಿಸಿಲಿತ್ತು.

ಇದರಿಂದ ಬೇಸರವಾದದ್ದು ಅವ್ವನಿಗೆ.

"ಆರೂವರಿ ತನಕ ಬಿದ್ಕೋತಾನೆ ಈಗ. ಗುಳಿಗಿ ನುಂಗಿಸಿ ನನ್ನ ಮಗನ ಭಕ್ತಿ ತೆಗೆದ್ಬಿಟ್ಳು" ಎಂದು ನೆರೆಯವರಿಗೆ ದೂರಿದಳು. ನಾನು ನಾಲ್ಕು ರೊಟ್ಟಿ ತಿಂದರೆ ಎಣಿಸುತ್ತಿದ್ದಳು. ದೇವರ ಕೋಣೆಗೆ ನಾನು ಹೋಗುವುದನ್ನೇ ಬಿಟ್ಟಿದ್ದೆ. ಹೆಂಡತಿ ಪತ್ರೆ ಇಡುವುದನ್ನು ಬಿಡಲಿಲ್ಲ. ಅದು ನಂಬಿಕೆಯೋ ತನಿಖೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ದಿನ ಅವಳು ಹೊರಗೆ ಹೋಗುವುದಿತ್ತು. ಕೀಲಿಯನ್ನು ಅಣ್ಣನಿಗೆ ಕೊಟ್ಟು ಹೋದಳು. ಮಧ್ಯಾಹ್ನ ಈಸೂರಿನ ರೈತರೊಬ್ಬರು ಜೋಳದ ಹುಳಕ್ಕೆ ಔಷಧಿ ಕೇಳಿಕೊಂಡು ಬಂದರು. ಇನ್ನೂ ನಾಲ್ಕು ಜನ ನಿಂತಿದ್ದರು. ಅಣ್ಣ ಎಲ್ಲರಿಗೂ ಕಾಣುವಂತೆ ಕೀಲಿಯನ್ನು ನನ್ನ ಮುಂದೆ ಎಸೆದ.

"ತಗಾ. ಸಾಕು ಈ ನಾಟಕ. ಆರಾಮಾಗೀಯಲ್ಲ, ನಿನ್ನ ಗೋದಾಮು ನೀನೇ ತೆಗಿ."

ಕೀಲಿ ಗೊಬ್ಬರದ ಚೀಲದ ಮೇಲೆ ಬಿತ್ತು. ಅದೇ ಹಳೆಯ ದಾರ. ನಾನು ಆರಾಮಾಗಿದ್ದೆ, ಹೆಚ್ಚಿನ ದಿನ. ಎಲ್ಲ ದಿನ ಅಲ್ಲ. ಹಿಂದಿನ ಭಾನುವಾರ ಆರಾಮಿರಲಿಲ್ಲ, ಅದು ನನಗೊಬ್ಬನಿಗೇ ಗೊತ್ತಿತ್ತು. ಎತ್ತಿಕೊಂಡರೆ ಅಣ್ಣನ ಮರ್ಯಾದೆ ಉಳಿಯುತ್ತಿತ್ತು. ನನ್ನದೂ.

"ಅಣ್ಣಾ, ಇದು ನನ್ನ ಹತ್ರ ಬ್ಯಾಡ" ಎಂದೆ. "ಡಾಕ್ಟ್ರು ಇನ್ನೂ ಹೂಂ ಅಂದಿಲ್ಲ."

"ಮೆಲ್ಲಗೆ ಮಾತಾಡು."

"ಬ್ಯಾಡ ಅಂದೆ."

ರೈತರು ನಮ್ಮಿಬ್ಬರನ್ನೂ ನೋಡಿದರು. "ಏನಾಗೈತ್ರೀ ಸಣ್ಣ ಸಾವ್ಕಾರ್ರಿಗೆ?"

"ಮನಸ್ಸಿಗೆ ಆರಾಮಿಲ್ರೀ. ಔಷಧಿ ತಗೊಳ್ಳಾಕತ್ತೀನಿ" ಎಂದೆ ನಾನು.

ಅವರು ಗೋದಾಮಿನ ಕಡೆ ನೋಡಿದರು. "ಆತು ಬಿಡ್ರಿ. ಈಗ ನನಗ ಔಷಧಿ ಕೊಡಾರು ಯಾರು? ಹುಳ ಕಾಯ್ತದೇನ್ರೀ?"

ಯಾರೋ ನಕ್ಕರು. ಅಣ್ಣ ನಗಲಿಲ್ಲ. ಗಲ್ಲಾ ಬಿಟ್ಟು ಎದ್ದು ಬಂದು, ಚೀಲದ ಮೇಲಿದ್ದ ಕೀಲಿಯನ್ನು ಕಿತ್ತುಕೊಳ್ಳುವ ಹಾಗೆ ಎತ್ತಿಕೊಂಡು ತಾನೇ ಗೋದಾಮಿಗೆ ಹೋದ. ಯಾವ ಡಬ್ಬಿ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಒಳಗಿನಿಂದ ಕೂಗಿ ಕೇಳಿದ. ನಾನು ಕೂತಲ್ಲಿಂದಲೇ ಹೇಳಿದೆ: ಎಡಗಡೆ, ಮೇಲಿನಿಂದ ಎರಡನೇ ಹಲಗೆ.