ಲೋಕೇಶ ಮುಚ್ಚಿಟ್ಟ ಸೆಟ್ಟಿಂಗು

ಜಾಲಹಳ್ಳಿಯ ಆ ಮೂರು ಬೀದಿಗಳಲ್ಲಿ ಲೋಕೇಶ ಕೈಯಿಡದ ಟಿ.ವಿ. ಇರಲಿಲ್ಲ. ಅವನ ತಾತನ ಹೊಲವಿದ್ದ ಜಾಗದಲ್ಲೇ ಎದ್ದ ಬೀದಿಗಳು ಅವು. ಪಿಕ್ಚರ್ ಟ್ಯೂಬಿನ ದಪ್ಪ ಡಬ್ಬಗಳ ಕಾಲದಿಂದ ಗೋಡೆಗೆ ಹಾಕುವ ತೆಳ್ಳನೆಯ ಟಿ.ವಿ.ಗಳವರೆಗೆ ಇಪ್ಪತ್ತೆರಡು ವರ್ಷ, ಕೆಟ್ಟರೆ ಅವನು, ಹೊಸದು ಬಂದರೆ ಅವನು. ಫ್ಯಾಕ್ಟರಿಯಿಂದ ನಿವೃತ್ತರಾದ ಪಟ್ಟಾಭಿರಾಮರಂತೂ ರಿಮೋಟಿಗೆ ಸೆಲ್ ಹಾಕುವುದಕ್ಕೂ ಅವನಿಗೇ ಫೋನು ಮಾಡುತ್ತಿದ್ದರು. ಅದು ಲೋಕೇಶನಿಗೆ ಕಿರಿಕಿರಿ ಅನ್ನಿಸಿದ್ದೇ ಇಲ್ಲ. ತಾನಿಲ್ಲದೆ ಇವರ ಮನೆ ನಡೆಯುವುದಿಲ್ಲ ಎಂಬುದು ಅವನಿಗೆ ಒಳಗೊಳಗೇ ಸಿಹಿಯಾಗಿತ್ತು.

ಯುಗಾದಿಗೆ ಪಟ್ಟಾಭಿರಾಮರು ದೊಡ್ಡ ಟಿ.ವಿ. ತಂದರು. ಲೋಕೇಶನೇ ಹಾಕಿಕೊಟ್ಟ. ಚಿತ್ರ ಥಳಥಳ ಹೊಳೆಯಿತು. ಎಲ್ಲರೂ ಮೆಚ್ಚಿದರು, ಪಟ್ಟಾಭಿರಾಮರ ಹೆಂಡತಿ ಸೀತಮ್ಮ ಒಬ್ಬರನ್ನು ಬಿಟ್ಟು.

"ನಮ್ಮ ತಮ್ಮನ ಪಿಕ್ಚರ್ ಹಾಕಿದೆ ಲೋಕೇಶ, ಅದು ಪಿಕ್ಚರ್ ಥರಾನೇ ಕಾಣ್ತಿಲ್ಲ ಕಣಪ್ಪ. ಸೀರಿಯಲ್ ಥರ ಕಾಣುತ್ತೆ" ಎಂದರು.

ಸೀತಮ್ಮನ ತಮ್ಮ ಸಿನಿಮಾಗಳಲ್ಲಿ ಕ್ಯಾಮೆರಾ ಸಹಾಯಕನಾಗಿದ್ದವನು. ತೀರಿಕೊಂಡು ಒಂಬತ್ತು ವರ್ಷ. ಅವನು ಕೆಲಸ ಮಾಡಿದ ಒಂದು ಸಿನಿಮಾದಲ್ಲಿ ಕೆರೆಯ ದಂಡೆಯ ಸಂಜೆಯ ದೃಶ್ಯವಿತ್ತು. ಆ ಬೆಳಕಿಗಾಗಿ ನಾಲ್ಕು ಸಂಜೆ ಕಾದಿದ್ದೆವೆಂದು ಅವನು ಅಕ್ಕನಿಗೆ ಹೇಳಿದ್ದನಂತೆ. ಈ ಟಿ.ವಿ.ಯಲ್ಲಿ ಅದು ಮಧ್ಯಾಹ್ನದ ಹಾಗೆ ಕಾಣುತ್ತಿತ್ತು. ನೀರು ನೀಲಿ, ಮುಖಗಳು ಮೇಣದ ಹಾಗೆ, ನಡೆಯುವವರು ನೆಲ ಮುಟ್ಟದೆ ಜಾರಿದಂತೆ.

"ಹೊಸ ಟಿ.ವಿ. ಅಮ್ಮ, ಕಣ್ಣು ಹೊಂದ್ಕೋಬೇಕು. ಇದಕ್ಕಿಂತ ಕ್ಲಿಯರ್ ಬೇಕಾ ನಿಮಗೆ?" ಎಂದು ಲೋಕೇಶ ಹೊರಟುಬಿಟ್ಟ.

ಮುಂದಿನ ವಾರ, ಅಲ್ಮೇರಾ ಸರಿಸಿದಾಗ ಸಡಿಲವಾದ ಕೇಬಲ್ ಬಿಗಿಸಲು ಲೋಕೇಶ ಅದೇ ಮನೆಗೆ ಹೋದಾಗ ಟಿ.ವಿ. ಮುಂದೆ ಒಬ್ಬ ಹುಡುಗಿ ರಿಮೋಟ್ ಹಿಡಿದು ಕೂತಿದ್ದಳು. ಮೇಲಿನ ಮನೆಗೆ ಬಾಡಿಗೆಗೆ ಬಂದ ಭಾವನಾ. ಸಿನಿಮಾಗಳ ಬಣ್ಣ ತಿದ್ದುವ ಸ್ಟುಡಿಯೊದಲ್ಲಿ ಅವಳಿಗೆ ಕೆಲಸ. ಅವಳು ಬಣ್ಣ ಕಣ್ಣಿಗೆ ಹೊಡೆಯುವ 'ವಿವಿಡ್' ತೆಗೆದು ಸಿನಿಮಾ ಮೋಡ್ ಹಾಕಿದಳು, ನೀಲಿ ಛಾಯೆ ಬಿಡಿಸಿ 'ವಾರ್ಮ್' ಮಾಡಿದಳು, ಶಾರ್ಪ್‌ನೆಸ್ ತೀರ ಕೆಳಗಿಳಿಸಿದಳು. ಕೊನೆಗೆ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗನ್ನು ಆಫ್ ಮಾಡಿದಳು.

"ಸಿನಿಮಾ ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ ಅಮ್ಮ. ಮಧ್ಯದಲ್ಲಿ ಟಿ.ವಿ. ತಾನೇ ಒಂದಷ್ಟು ಚಿತ್ರ ಕಟ್ಟಿ ಸೇರಿಸ್ತಿತ್ತು, ಯಾರೂ ತೆಗೀದೇ ಇರೋ ಚಿತ್ರ. ಅದಕ್ಕೇ ಜಾರಿದ ಹಾಗೆ ಕಾಣ್ತಿದ್ದಿದ್ದು."

ದೃಶ್ಯ ಮತ್ತೆ ಬಂತು. ಕೆರೆಗೆ ಕತ್ತಲು ಇಳಿಯುತ್ತಿತ್ತು. ನೀರಿನ ಅಂಚಿನಲ್ಲಿ ಸಣ್ಣ ಕೆಂಪು, ಹೆಂಗಸಿನ ಅರ್ಧ ಮುಖ ನೆರಳಲ್ಲಿ. ಸೀತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೀಗೇ ಇತ್ತು ಕಣಮ್ಮ" ಎಂದರು. ಪಟ್ಟಾಭಿರಾಮರು ಲೋಕೇಶನತ್ತ ತಿರುಗಿ, "ನೋಡಿದೆಯೇನಪ್ಪಾ, ಇಪ್ಪತ್ತು ನಿಮಿಷದ ಕೆಲಸ" ಎಂದರು. ಅವರು ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಲೋಕೇಶನಿಗೆ ಆ ಮಾತು ಎದೆಗೇ ನಾಟಿತು. ಅವನಿಗೆ ಕೊಡದ ಕಾಫಿ ಅವಳ ಮುಂದೆ ಬೆಳ್ಳಿ ಲೋಟದಲ್ಲಿ ಆರುತ್ತಿತ್ತು.

ಮನೆಗೆ ಬಂದು ಊಟಕ್ಕೆ ಕೂತವನು ಹೆಂಡತಿ ಸೌಮ್ಯಳಿಗೆ, "ರಿಮೋಟ್ ಒತ್ತೋದು ಒಂದು ವಿದ್ಯೆನಾ? ಗೋಡೆ ತೂತು ಹೊಡೀಲಿ ನೋಡೋಣ" ಎಂದ.

"ನೀನೂ ಒತ್ತಬಹುದಿತ್ತಲ್ಲ" ಎಂದಳು ಸೌಮ್ಯ. ಅವನು ಅರ್ಧ ಮುದ್ದೆ ಬಿಟ್ಟು ಎದ್ದ.

ಮೂರು ದಿನಕ್ಕೆ ಪಟ್ಟಾಭಿರಾಮರಿಂದ ಫೋನು ಬಂತು. ಚಿತ್ರ ಮತ್ತೆ ಮೊದಲಿನ ಹಾಗೇ ಆಗಿದೆ. ಭಾವನಾ ಎರಡು ಸಲ ಸರಿಮಾಡಿದಳು, ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಅದೇ ಥಳಥಳ. "ಆ ಹುಡುಗಿ ಏನಾದರೂ ಕೆಡಿಸಿಬಿಟ್ಟಳೇನೋ?"

ಲೋಕೇಶನಿಗೆ ಕಾರಣ ತಕ್ಷಣ ಹೊಳೆಯಿತು. ಹೊಸ ಟಿ.ವಿ. ಮೊದಲ ಸಲ ಆನ್ ಆದಾಗ ಮನೆಗೋ ಅಂಗಡಿಗೋ ಎಂದು ಕೇಳುತ್ತದೆ. ಅಂಗಡಿ ಎಂದು ಒತ್ತಿದರೆ ಚಿತ್ರ ಅತಿ ಹೊಳಪಾಗಿ ಬರುತ್ತದೆ, ನೋಡಿದವರು ಭೇಷ್ ಅನ್ನುತ್ತಾರೆ. ಆದರೆ ಯಾರೇನು ಬದಲಿಸಿದರೂ ಆ ಟಿ.ವಿ. ತನ್ನಷ್ಟಕ್ಕೆ ಹಳೆಯ ಹೊಳಪಿಗೇ ಮರಳುತ್ತದೆ. ಅಂಗಡಿಗೆ ಬರುವ ಗಿರಾಕಿಗಳೆಲ್ಲ ಒತ್ತಿ ಹಾಳುಮಾಡದಿರಲೆಂದು ಮಾಡಿದ ಏರ್ಪಾಡು ಅದು. ಭೇಷ್ ಅನ್ನಿಸಿಕೊಳ್ಳುವ ಆಸೆಗೆ ಲೋಕೇಶ ಎಲ್ಲ ಮನೆಗಳಲ್ಲೂ ಅಂಗಡಿ ಎಂದೇ ಒತ್ತುತ್ತಿದ್ದ.

"ಹತ್ತು ಜನ ಕೈ ಹಾಕಿದ್ರೆ ಹಂಗೇ ಸಾರ್" ಎಂದಷ್ಟೇ ಹೇಳಿದ. ಹೇಳಿ ಫೋನಿಟ್ಟಾಗ ಆ ಮೂರು ದಿನದಲ್ಲಿ ಮೊದಲ ಸಲ ಹಗುರಾದ.

ಮರುದಿನ ಭಾವನಾ ಲೋಕೇಶನ ರಿಪೇರಿ ಅಂಗಡಿಗೇ ಬಂದಳು. "ಅಣ್ಣ, ನಾನು ಸ್ಟುಡಿಯೊ ಮಾನಿಟರ್ ಮಾತ್ರ ನೋಡಿದೋಳು. ನೀವು ಸಾವಿರ ಟಿ.ವಿ. ನೋಡಿದೀರ. ಇದು ಯಾಕೆ ವಾಪಸ್ ಹೋಗ್ತಿದೆ? ಭಾನುವಾರ ಸೀತಮ್ಮನವರ ಮನೆಗೆ ನೆಂಟರು ಬರ್ತಾರೆ, ಅವರ ತಮ್ಮನ ಪಿಕ್ಚರ್ ನೋಡೋಕೆ. ಅವರಿಗೆ ಈಗ ನನ್ನ ಮೇಲೆ ನಂಬಿಕೆ ಇಲ್ಲ."

ಅಷ್ಟು ವಿನಯದಿಂದ ಕೇಳಿದ್ದೇ ಅವನಿಗೆ ಸಹಿಸಲಾಗಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯವೂ ಇವಳಿಗೇ ಇರಬೇಕೆ? "ಬೋರ್ಡ್ ವೀಕ್ ಇರಬೇಕು" ಎಂದು ಸುಳ್ಳು ಹೇಳಿದ. ಅವಳು ತಲೆಯಾಡಿಸಿ ಹೋದಳು. ಅವಳು ಹೋದ ಮೇಲೆ ಕೈಯಲ್ಲಿದ್ದ ಕೆಲಸ ಸಾಗಲಿಲ್ಲ.

ಭಾನುವಾರ ಮಧ್ಯಾಹ್ನ ಯಾರೂ ಕರೆಯದಿದ್ದರೂ ಅವನು ಪಟ್ಟಾಭಿರಾಮರ ಮನೆಗೆ ಹೋದ. ಗೆಲ್ಲಬೇಕೆಂದೇ ಹೋದದ್ದು. ನಡುಮನೆಯ ತುಂಬ ನೆಂಟರು. ಭಾವನಾ ಮೂಲೆಯಲ್ಲಿ ನಿಂತಿದ್ದಳು. ರಿಮೋಟನ್ನು ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ. ಲೋಕೇಶ ರಿಮೋಟ್ ತೆಗೆದುಕೊಂಡು ಅಂಗಡಿ ಮೋಡನ್ನು ಮನೆ ಮೋಡಿಗೆ ಬದಲಿಸಿದ, ಅವಳು ಮಾಡಿದ್ದೆಲ್ಲವನ್ನೂ ನೆನಪಿಟ್ಟುಕೊಂಡು ಒಂದೊಂದಾಗಿ ಮಾಡಿದ. ಚಾನೆಲ್‌ನಲ್ಲಿ ಓಡುತ್ತಿದ್ದ ಸಿನಿಮಾ ಚೆನ್ನಾಗಿ ಕಂಡಿತು. "ಇಷ್ಟೇ ಅಮ್ಮ" ಎಂದ.

ಪೆನ್‌ಡ್ರೈವಿನಿಂದ ತಮ್ಮನ ಸಿನಿಮಾ ಹಾಕಿದರೆ ಮತ್ತೆ ಅದೇ ನೀಲಿ ಕೆರೆ, ಅದೇ ಜಾರುವ ನಡಿಗೆ.

ಲೋಕೇಶ ರಿಮೋಟನ್ನು ತಿರುಗಿಸಿ ನೋಡಿದ. ಯಾರೋ ಕೆಮ್ಮಿದರು. ಭಾವನಾ ಹತ್ತಿರ ಬಂದು ಅವನಿಗಷ್ಟೇ ಕೇಳುವಂತೆ ಹೇಳಿದಳು. "ಅಣ್ಣ, ನೀವು ಮಾಡಿದ್ದು ಸೆಟ್ ಟಾಪ್ ಬಾಕ್ಸಿಗೆ. ಈ ಟಿ.ವಿ.ಯಲ್ಲಿ ಪೆನ್‌ಡ್ರೈವಿಗೆ ಬೇರೇನೇ ಲೆಕ್ಕ. ಸಿನಿಮಾ ಓಡ್ತಿರೋವಾಗಲೇ ಇನ್ನೊಂದು ಸಲ ಮಾಡಬೇಕು."

ಅವಳು ಗಟ್ಟಿಯಾಗಿ ಹೇಳಿದ್ದರೆ ಅವನು ಜಗಳವಾಡುತ್ತಿದ್ದ. ರಿಮೋಟನ್ನು ಅವಳಿಗೆ ಕೊಟ್ಟು, ಪಟ್ಟಾಭಿರಾಮರ ಕಡೆ ನೋಡದೆ ಹೇಳಿದ: "ಹುಡುಗಿದೇನೂ ತಪ್ಪಿಲ್ಲ ಸಾರ್. ಮೊದಲ ದಿನ ಅಂಗಡಿ ಮೋಡ್ ಒತ್ತಿದ್ದು ನಾನು. ಗೊತ್ತಿದ್ದೂ ಸುಮ್ಮನಿದ್ದೆ."

ಪಟ್ಟಾಭಿರಾಮರು ಅವನತ್ತ ತಿರುಗಿದರು. ಸೀತಮ್ಮ, "ಆಮೇಲೆ ಮಾತಾಡಿ, ಕೂತ್ಕೊಳ್ಳಿ ಎಲ್ಲರೂ" ಎಂದರು.

ಭಾವನಾ ಸರಿಮಾಡಿದ ಮೇಲೆ ಕೆರೆಯ ದೃಶ್ಯ ಬಂದಾಗ ಲೋಕೇಶ ಬಾಗಿಲ ಬಳಿ ನಿಂತೇ ನೋಡಿದ. ಬೆಳಕು ಆರುವುದು ಕಣ್ಣಿಗೆ ಗೊತ್ತಾಗುತ್ತಿತ್ತು, ಆದರೆ ಯಾವ ಕ್ಷಣ ಆರಿತೆಂದು ಹೇಳಲಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಟಿ.ವಿ. ನೋಡಿದವನು ಇದನ್ನು ನೋಡಿರಲಿಲ್ಲ. ನೆಂಟರೆಲ್ಲ ಭಾವನಾಳನ್ನು ಸುತ್ತುವರಿದಾಗ ಎದೆಯೊಳಗೆ ಅದೇ ಹಳೆಯ ಉರಿ. ಇದು ತನ್ನ ಕೈಯಿಂದ ಆಗಬೇಕಿತ್ತು.

ಆಮೇಲಿನ ಎರಡು ತಿಂಗಳು ಅವನು ತಾನು ಹಾಕಿದ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ ಅಂಗಡಿ ಮೋಡ್ ತೆಗೆದ. ಕ್ರಿಕೆಟ್ ನೋಡುವವರಿಗೆ ಚಲನೆಯ ನುಣುಪು ಹಾಗೇ ಬಿಟ್ಟ. ಸಿನಿಮಾ ನೋಡುವವರಿಗೆ ಪೆನ್‌ಡ್ರೈವಿಗೂ ಬಾಕ್ಸಿಗೂ ಬೇರೆಬೇರೆಯಾಗಿ ಆಫ್ ಮಾಡಿಕೊಟ್ಟ. ಯಾರಾದರೂ ಎಲ್ಲಿ ಕಲಿತೆ ಎಂದು ಕೇಳಿದರೆ ಭಾವನಾಳ ಹೆಸರು ಬಾಯಿಗೆ ಬರುತ್ತಿತ್ತು. ಹೇಳುತ್ತಿರಲಿಲ್ಲ.