ಇಪ್ಪತ್ತೇಳು ಉಸಿರು

ಗಂಜಿ ಹಾಕಿದ ನೂಲು ಬಿಸಿಲಿಗೆ ಒಣಗುವಾಗ ಬರುವ ಹುಳಿ ವಾಸನೆ ಮೂಗಿಗೆ ತಾಕಿದರೆ ಸಾಕು, ಬನಹಟ್ಟಿಯ ನಮ್ಮ ಹಳೇ ಮನೆ ಕಣ್ಣ ಮುಂದೆ ನಿಲ್ಲುತ್ತದೆ. ಮುಂದಿನ ಪಡಸಾಲೆಯಲ್ಲಿ ನಾಲ್ಕು ಮಗ್ಗಗಳ ಸದ್ದು, ಒಳಗಿನ ಕೋಣೆಯಲ್ಲಿ ಮಣೆಯ ಮೇಲೆ ಕಣ್ಣು ಮುಚ್ಚಿ ಕುಳಿತ ಅಮ್ಮ. ಅಮ್ಮ ಎಂದರೆ ನಮ್ಮ ಅಪ್ಪನ ತಾಯಿ. ಹೆತ್ತವಳಿಗೆ ನಾವು ಅವ್ವ ಎನ್ನುತ್ತಿದ್ದೆವು. ಆ ಮನೆ ಈಗ ಇಲ್ಲ. ಪಾಲಾಯಿತು, ಕೆಡವಿದರು, ಅಲ್ಲಿ ಯಾರದೋ ಬಟ್ಟೆಯ ಗೋದಾಮು ಎದ್ದಿದೆ. ನನ್ನ ತಮ್ಮ ಊರ ಹೊರಗೆ ಹೊಸ ಮನೆ ಕಟ್ಟಿ, ಹಿಂದೆ ಎರಡು ಮಗ್ಗ ಇಟ್ಟುಕೊಂಡಿದ್ದಾನೆ. ನಾನೂ ಅಲ್ಲೇ ಇದ್ದೇನೆ.

ಈ ವರ್ಷ ಅವನ ಮಗಳು ಪ್ರಾಚಿ ಹತ್ತನೇ ತರಗತಿ. ಬಸದಿಯ ಹುಡುಗ ಹುಡುಗಿಯರೆಲ್ಲ ಸೇರಿ ಪರೀಕ್ಷೆ ಬರೆಯುವವರಿಗಾಗಿ ಮೂರು ನಿಮಿಷದ ವಿಡಿಯೋ ಮಾಡುವವರಿದ್ದರು. ಭಾಷಣ ಇವಳದು. ಯಾರೋ ಬರೆದುಕೊಟ್ಟ ಹಾಳೆ ಹಿಡಿದು ಅಡುಗೆಮನೆಗೆ ಬಂದವಳು ರೊಟ್ಟಿಯ ಬುಟ್ಟಿಯ ಪಕ್ಕ ಕುಳಿತಳು.

"ಅತ್ತಿ, 'ದಿನಾ ಜಪ ಮಾಡ್ರಿ, ಅಂಕ ತಾವಾಗೇ ಬರ್ತಾವು' ಅಂತ ಬರದಾರ. ಪೂರ್ವಸಿದ್ಧತಾ ಪರೀಕ್ಷಾಕ್ಕ ನಾ ನೂರಾಎಂಟು ಜಪ ಮಾಡೇ ಹೋಗಿದ್ದೆ. ಗಣಿತದ ಪೇಪರ್ ನೋಡಿದ ಕೂಡ್ಲೆ ತಲಿ ಖಾಲಿ ಆತು. ಎರಡು ಪುಟ ಹಂಗೇ ಬಿಟ್ಟು ಬಂದೆ. ಖೊಟ್ಟಿ ಮಾತು ಹೆಂಗ್ ಹೇಳ್ಲಿ?"

ಆ ಖಾಲಿ ಪುಟಗಳ ಸಂಗತಿ ಅವಳು ಮನೆಯಲ್ಲಿ ಹೇಳಿರಲಿಲ್ಲ. ಬೋರ್ಡ್ ಪರೀಕ್ಷೆಯಲ್ಲೂ ಹೀಗೇ ಆದರೆ ಎಂಬ ಹೆದರಿಕೆ ಅವಳ ಮುಖದಲ್ಲಿ ಕಂಡಿತು. ನನಗೆ ಆ ಮುಖದ ಗುರುತು ಇತ್ತು, ಅದೇ ವಯಸ್ಸಿನಲ್ಲಿ ಅದು ನನ್ನದಾಗಿತ್ತು.

ನಾನೂ ಹತ್ತನೆಯ ಪರೀಕ್ಷೆಗೆ ಮುಂಚೆ ಅಮ್ಮನ ಜಪಮಾಲೆ ಕಸಿದುಕೊಂಡು ಮಣಿಗಳನ್ನು ಸರಸರನೆ ದೂಡುತ್ತಿದ್ದೆ. ಹೆಚ್ಚು ಸುತ್ತು ಹಾಕಿದಷ್ಟೂ ಹೆಚ್ಚು ಅಂಕ ಎಂಬ ಲೆಕ್ಕ. ಅಮ್ಮ ಒಂದು ಕಣ್ಣು ತೆರೆದು ನೋಡಿದಳು. "ಮಗ್ಗದ ಸಂಗಾಟ ಪೈಪೋಟಿ ನಡಿಸೀ ಏನ್ ಬೇ?" ಎಂದಳು. ನನಗೆ ಅಳು ಬಂತು. ಆಗ ಮಣೆಯಿಂದ ಎದ್ದು ಹೇಳಿದಳು: "ನಮ್ಮ ಣಮೋಕಾರ ಮಂತ್ರದಾಗ ಬೇಡೂ ಮಾತು ಒಂದೂ ಇಲ್ಲ ನೋಡು. ಬರೇ ಕೈ ಮುಗಿಯೂದು. ಗಣಿತ ನೀನೇ ಮಾಡಬೇಕು. ಇದು ನಿನ್ನ ನಿಂದ್ರಸಾಕ ಅಷ್ಟೇ."

ನಿಲ್ಲುವುದನ್ನು ಅವಳು ಅಂದೇ ಕಲಿಸಿದಳು. ಎರಡು ಪಾದಗಳ ನಡುವೆ ನಾಲ್ಕು ಬೆರಳು ಅಂತರ, ಕೈ ಇಳಿಬಿಟ್ಟು, ದೃಷ್ಟಿ ಕೆಳಗೆ. ಮಂತ್ರದ ಐದು ಸಾಲುಗಳಲ್ಲಿ ಅರಿಹಂತರ ಸಾಲಿಗೆ ಉಸಿರು ಒಳಗೆ, ಸಿದ್ಧರ ಸಾಲಿಗೆ ಹೊರಗೆ. ಆಚಾರ್ಯರಿಗೆ ಒಳಗೆ, ಉಪಾಧ್ಯಾಯರಿಗೆ ಹೊರಗೆ. ಕೊನೆಯದಾಗಿ ಲೋಕದ ಎಲ್ಲ ಸಾಧುಗಳ ಸಾಲನ್ನು ಎರಡಾಗಿ ಒಡೆದು ಒಂದು ಪೂರ್ತಿ ಉಸಿರು. ಒಂದು ಮಂತ್ರಕ್ಕೆ ಮೂರು ಉಸಿರು, ಒಂಬತ್ತು ಮಂತ್ರಕ್ಕೆ ಇಪ್ಪತ್ತೇಳು. ಎಣಿಸಲು ಮೂರು ಬೆರಳಿನ ಒಂಬತ್ತು ಗೆಣ್ಣು ಸಾಕು, ಮಾಲೆ ಬೇಡ. ಮನಸ್ಸು ಎಲ್ಲೋ ಹೋಯಿತೆಂದು ಬೈದುಕೊಳ್ಳಬಾರದು. ತಪ್ಪಿದ ಉಸಿರಿನಿಂದಲೇ ಮತ್ತೆ ಹಿಡಿಯಬೇಕು. ಹೊರಗೆ ಮಗ್ಗ ಹೊಡೆದುಕೊಳ್ಳುತ್ತಲೇ ಇತ್ತು. ಅದನ್ನು ನಿಲ್ಲಿಸಿ ಎಂದು ಅಮ್ಮ ಒಂದು ದಿನವೂ ಹೇಳಿದವಳಲ್ಲ.

ಇದನ್ನೆಲ್ಲ ನಾನು ಪ್ರಾಚಿಗೆ ಹೇಳಿದೆ. ಹಳೆಯ ಹಾಳೆ ಮಡಚಿಟ್ಟು, ಪ್ರಾಚಿ ಹೇಳಿದಂತೆ ನಾನು ಹೊಸದು ಬರೆದೆ. ಹದಿನೈದು ದಿನ ಬೆಳಿಗ್ಗೆ, ಪುಸ್ತಕ ತೆರೆಯುವ ಮುಂಚೆ ಇಬ್ಬರೂ ನಿಂತು ಅಭ್ಯಾಸ ಮಾಡಿದೆವು. ಮೊದಲೆರಡು ದಿನ ಅವಳಿಗೆ ನಗು, ಆಮೇಲೆ ಆಕಳಿಕೆ, ಆಮೇಲೆ ಸುಮ್ಮನಾದಳು. ಚಿತ್ರೀಕರಣದ ದಿನ ಫೋನ್ ಹಿಡಿದ ಹುಡುಗ ಮಗ್ಗ ಬಂದ್ ಮಾಡಿಸಿ ಎಂದ. "ಪರೀಕ್ಷಾ ಹಾಲ್‌ನ್ಯಾಗ ನಿನಗ ಊರಽ ಬಂದ್ ಮಾಡ್ತಾರೇನೋ? ಹಂಗೇ ತಗಿ," ಎಂದಳು ಪ್ರಾಚಿ. ಆಮೇಲೆ ಕ್ಯಾಮೆರಾ ನೋಡಿ ಮಾತಾಡಿದಳು: "ಗೆಳೆಯರೇ, ನಾನು ಎರಡು ಪುಟ ಖಾಲಿ ಬಿಟ್ಟು ಬಂದವಳು. ಪ್ರಾರ್ಥನೆ ಅಂಕ ಕೊಡುವುದಿಲ್ಲ, ಓದಿದ್ದೇ ಕೊಡುವುದು. ಆದರೆ ಹೆದರಿಕೆ ಬಂದಾಗ ಪೆನ್ನು ಕೆಳಗಿಡಿ. ಎರಡೂ ಪಾದ ನೆಲಕ್ಕೆ ತಾಕಲಿ. ನಿಮ್ಮ ನಿಮ್ಮ ದೇವರ ಹೆಸರನ್ನು ಉಸಿರಿಗೆ ಕಟ್ಟಿ, ಒಂಬತ್ತು ಸಲ. ಎರಡೋ ಮೂರೋ ನಿಮಿಷ ಹೋಗುತ್ತದೆ, ಹೋಗಲಿ."

ಗಣಿತದ ಪರೀಕ್ಷೆಯ ದಿನ ನಾನು ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಮಕ್ಕಳ ಗುಂಪಿನಲ್ಲಿ ಅವಳು ನಿಧಾನವಾಗಿ ಬಂದಳು.

"ಮತ್ತ ತಲಿ ಖಾಲಿ ಆಗಿತ್ತು, ಅತ್ತಿ."

ನಾನು ಅವಳ ಚೀಲಕ್ಕೆ ಕೈ ಚಾಚಿದೆ.

"ಪೆನ್ನು ಇಟ್ಟೆ. ಗೆಣ್ಣು ಎಣಿಸಿದೆ. ಆರನೇದಕ್ಕ ತಪ್ಪಿತು, ಮತ್ತ ಹಿಡದೆ. ಮೊದಲನೇ ಲೆಕ್ಕ ನೆನಪು ಬರಲೇ ಇಲ್ಲ, ಅದಕ್ಕ ನಾಲ್ಕನೇದರಿಂದ ಸುರು ಮಾಡಿದೆ. ಒಂದಽ ಬಿಟ್ಟೇನಿ. ಹಸಿವಿ ಆಗೇತಿ, ನಡೀರಿ."

ಅವಳ ಚೀಲವನ್ನು ನಾನು ಹೊತ್ತುಕೊಂಡೆ. ಎಷ್ಟು ಅಂಕ ಬರುತ್ತದೆಂದು ಕೇಳಬೇಕೆನಿಸಲಿಲ್ಲ. ಆ ವಿಡಿಯೋ ಈಗ ತೇರದಾಳ, ಜಮಖಂಡಿಯ ಮಕ್ಕಳ ಫೋನುಗಳಲ್ಲೂ ಇದೆಯಂತೆ. ಅದರಲ್ಲಿ ಅಮ್ಮನ ಹೆಸರಿಲ್ಲ. ಅವಳ ಒಂದು ಫೋಟೋ ಕೂಡ ನಮ್ಮ ಬಳಿ ಉಳಿದಿಲ್ಲ. ಆದರೂ ಎಲ್ಲೋ ಯಾವುದೋ ಮಗು ಪೆನ್ನು ಕೆಳಗಿಟ್ಟು ಉಸಿರು ಎಳೆದುಕೊಳ್ಳುವ ಆ ಹೊತ್ತಿನಲ್ಲಿ ಅವಳು ಇದ್ದಾಳೆ ಎಂದುಕೊಂಡು ನಾನು ಸಮಾಧಾನದಿಂದಿದ್ದೇನೆ.