ಸೀರೆಗೆ ಹೆಸರಿಟ್ಟವಳು

ಹೊಸ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬರುತ್ತದಲ್ಲ, ಅದು ನಿಮಗೆ ಇಷ್ಟವೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಮಾತ್ರ ಆ ವಾಸನೆ ಬಂದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೊನ್ನೆ ಬೀದರಿನ ಒಂದು ಅಂಗಡಿಯಲ್ಲಿ ಹೀಗೇ ಆಯಿತು. ಮಾರುವಾಕೆ ಬೂದು ಬಣ್ಣದ ಸೀರೆಯೊಂದನ್ನು ಹರವಿ, "ಇದರ ಹೆಸರು 'ಮುಂಗಾರು ಮೌನ' ಅಂತ್ರಿ ಮೇಡಂ" ಎಂದಳು. ಯಾರಿಟ್ಟರಮ್ಮ ಈ ಹೆಸರು ಎಂದು ಕೇಳಿದೆ. "ಅದಕ್ಕೊಂದು ಕಮಿಟಿ ಇರ್ತದ್ರಿ" ಎಂದಳು. ಇರುತ್ತದೆ, ನನಗೆ ಗೊತ್ತಿಲ್ಲವೇ. ನಾನೂ ಒಂದು ಕಾಲದಲ್ಲಿ ಅಂಥ ಕಮಿಟಿಯಲ್ಲಿ ಕೂತು, ಸಂಘದ ಖರ್ಚಿನಲ್ಲಿ ಚಹಾ ಕುಡಿದು, ಹನ್ನೆರಡು ಸೀರೆಗಳಿಗೆ ಹೆಸರಿಟ್ಟವಳು.

ಆಗ ಸಾಲು ಸಾಲು ಬರಗಾಲ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಲಾರಿ ತುಂಬ ಜನ ಪುಣೆಗೋ ಹೈದರಾಬಾದಿಗೋ ಹೋಗುತ್ತಿದ್ದರು. ನಾನು ಬೀದರಿನ ಮಿಶನ್ ಶಾಲೆಯೊಂದರಲ್ಲಿ ಕನ್ನಡ ಬಾಯಿ, ಅಂದರೆ ಟೀಚರು. ನಮ್ಮ ಕ್ರೈಸ್ತ ಮನೆಯಲ್ಲಿ ಅಪ್ಪ ಮಾಸ್ತರು, ಅವ್ವ ನರ್ಸಮ್ಮ, ನಾನು ಒಬ್ಬಳೇ ಮಗಳು. ತಿಂಗಳ ಸಂಬಳಕ್ಕೆ ಮಳೆಯ ಹಂಗಿಲ್ಲದ ಮನೆ. ಅಂಥವರಿಗೆ ಜನಪದದ ಮೇಲೆ ಪ್ರೀತಿ ಹುಟ್ಟುವುದು ಬಹಳ ಸುಲಭ. ನನಗೂ ಹುಟ್ಟಿತ್ತು. ರಜೆ ಬಂದರೆ ನೋಟುಬುಕ್ಕು ಹಿಡಿದು ಭಾತಂಬ್ರಾ, ಆ ಹಳ್ಳಿ ಈ ಹಳ್ಳಿ ಎಂದು ತಿರುಗಿ, ಬೀಸುವ ಹೆಂಗಸರನ್ನು ನಿಲ್ಲಿಸಿ ಹಾಡು ಬರೆದುಕೊಳ್ಳುತ್ತಿದ್ದೆ. ಅವರ ಹಿಟ್ಟು ತಡವಾಗುತ್ತಿತ್ತು, ನನ್ನ ನೋಟುಬುಕ್ಕು ತುಂಬುತ್ತಿತ್ತು.

ಹೀಗಾಗಿ ನೇಕಾರರ ಸಹಕಾರ ಸಂಘದ ಅಧ್ಯಕ್ಷರು ನನ್ನನ್ನು ಹೆಸರಿನ ಕಮಿಟಿಗೆ ಕರೆದರು. ಸಂಘದ ಕಚೇರಿಯ ಉದ್ದನೆಯ ಮೇಜಿನ ಮೇಲೆ ಹನ್ನೆರಡು ಮಾದರಿ ಸೀರೆಗಳು. ಒಂದೊಂದರ ಸೆರಗಿಗೂ ಟಾಚಣಿ ಚುಚ್ಚಿದ ಚೀಟಿ, ಚೀಟಿಯಲ್ಲಿ ಬರೀ ನಂಬರು. ನಂಬರು ಹೇಳಿದರೆ ಬೆಂಗಳೂರಿನ ಪ್ರದರ್ಶನದಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಹೆಸರು ಬೇಕು ಎಂಬುದು ಅಧ್ಯಕ್ಷರ ವಾದ.

ಸೀರೆಗೆ ಹೆಸರಿಡುವುದೆಂದರೆ ಕೂಸಿಗೆ ಹೆಸರಿಟ್ಟಷ್ಟು ಸುಲಭವಲ್ಲ. ಕೂಸಿಗಾದರೆ ಏನಿಟ್ಟರೂ ನಡೆಯುತ್ತದೆ, ಅದು ಆಮೇಲೆ ಹೇಗೋ ಬದುಕಿಕೊಳ್ಳುತ್ತದೆ. ಸೀರೆಯ ಹೆಸರು ಮೂರು ಕಡೆ ದುಡಿಯಬೇಕು. ಸೆರಗಿಗೆ ಕಟ್ಟುವ ಚೀಟಿಯಲ್ಲಿ ಗಿರಾಕಿಯನ್ನು ಕರೆಯಬೇಕು, ಅಂಗಡಿಯ ಪುಸ್ತಕದಲ್ಲಿ ಬೇರೆ ಸೀರೆಯೊಂದಿಗೆ ಗಲಿಬಿಲಿ ಆಗಬಾರದು, ಮತ್ತೆ ಬೇಕೆಂದು ಆರ್ಡರು ಹೋದಾಗ ಮಗ್ಗದ ಮುಂದೆ ಕೂತವರಿಗೆ ಯಾವ ಒಡಲು, ಯಾವ ಅಂಚು ಎಂದು ತಟ್ಟನೆ ಹೊಳೆಯಬೇಕು. ಚಿಕ್ಕದಿರಬೇಕು. ಬೇರೆ ಸಂಘದವರು ಇಟ್ಟಿರಬಾರದು. ನೇಯುವವರು ತಮ್ಮೊಳಗೆ 'ಸಣ್ಣ ಗೆರಿ', 'ದೊಡ್ಡ ಗೆರಿ', 'ತುಳಜಾಬಾಯಿ ಹಸರು' ಎಂದು ಕರೆದುಕೊಂಡು ಈ ಮೂರೂ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಂಡಿದ್ದರು. ಆದರೆ ಅದು ಹೆಸರಲ್ಲವಂತೆ.

ಅಧ್ಯಕ್ಷರು ನದಿಗಳಿಂದ ಶುರುಮಾಡಿದರು. ಮಾಂಜ್ರಾ ಆಯಿತು, ಕಾರಂಜಾ ಆಯಿತು, ಆಮೇಲೆ ನದಿ ಮುಗಿದವು. "ಕಾವೇರಿ ಇಡೋಣ್ರಿ" ಎಂದರು ಕಾರ್ಯದರ್ಶಿ. "ಅದು ನಮ್ಮ ಕಡಿ ಎಲ್ಲಿ ಬರ್ತದ್ರಿ?" ಎಂದರು ಇಲಾಖೆಯಿಂದ ಬಂದ ಸಾಹೇಬರು. "ಸಾಹೇಬ್ರ, ಮಾಂಜ್ರಾ ಅರೆ ಎಲ್ಲಿ ಬಂದಾಳ್ರಿ ಈ ವರ್ಷ?" ಎಂದು ಕಾರ್ಯದರ್ಶಿ ಕೇಳಿದ್ದಕ್ಕೆ ಯಾರೂ ನಗಲಿಲ್ಲ. ಮಾಂಜ್ರಾ ಎಂಬ ಹೆಸರು ಕೊನೆಗೆ ಮರಳಿನ ಬಣ್ಣದ ಸೀರೆಗೆ ಹೋಯಿತು, ಅದೊಂದರಲ್ಲಿ ಕಮಿಟಿ ಸತ್ಯವನ್ನೇ ಹೇಳಿತು. ಕುಸುಬಿ ಬಣ್ಣದ್ದಕ್ಕೆ ಕುಸುಬಿ ಹೂ, ಹಳದಿಗೆ ತಂಗಡಿ ಹೂ, ಬಿಳಿಯದಕ್ಕೆ ಮಲ್ಲಿಗೆ. ಮಲ್ಲಿಗೆಯನ್ನು ಆಗಲೇ ನಾಲ್ಕು ಸಂಘದವರು ಇಟ್ಟಿದ್ದಾರೆಂದು ಸಾಹೇಬರು ಹೊಡೆದು ಹಾಕಿದರು. ಹೀಗೆ ಹನ್ನೊಂದು ಮುಗಿದು, ಉಳಿದದ್ದು ಎಲ್ಲಕ್ಕಿಂತ ಚೆಂದದ್ದು. ಹಸಿರು ಒಡಲು, ಅರಿಶಿನದ ಅಂಚು, ಕುಂಕುಮದ ಸೆರಗು. ಭಾಲ್ಕಿಯ ತುಳಜಾಬಾಯಿ ನೇಯ್ದದ್ದು.

ತುಳಜಾಬಾಯಿಯ ಗಂಡ ಅದಾಗಲೇ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಆಕೆ ಮತ್ತು ಅದೇ ಓಣಿಯ ಮೂವರು ಹೆಂಗಸರು ಮಗ್ಗ ಬಿಡದೆ ಕೂತಿದ್ದರು. ಸೀರೆ ಮಾರಿದರೆ ಸಂಘ ನೂಲು ಕೊಡುತ್ತದೆ, ಮಾರದಿದ್ದರೆ ಇಲ್ಲ. "ಈ ಸಲ ಸೀರಿ ಹೋದ್ರ ಮಗ್ಗ ರೀ ಬಾಯಾರ, ಇಲ್ದಿದ್ರ ಲಾರಿ" ಎಂದು, ಹಾಡು ಕೇಳಲು ಆಕೆಯ ಮನೆಗೆ ಹೋದಾಗ ಆಕೆಯೇ ನನಗೆ ಹೇಳಿದ್ದಳು. ಮೂಲೆಯಲ್ಲಿ ಒಂದು ಗಂಟು ಕಟ್ಟಿ ಸಿದ್ಧವಾಗಿತ್ತು. ನಾನು ಅದನ್ನೂ ನೋಡಿದ್ದೆ, ಆದರೆ ನನ್ನ ಗಮನವೆಲ್ಲ ಆಕೆ ಲಾಳಿ ಎಸೆಯುತ್ತ ಗುನುಗುತ್ತಿದ್ದ ಹಾಡಿನ ಮೇಲಿತ್ತು. ಮೂರು ಸಾಲು, ಬರೆದುಕೊಂಡೆ:

ದೂರ ದೇಶದ ಅಣ್ಣ ಓಡೋಡಿ ಬಂದಾನ
ಅಣ್ಣ ತಂದಾನ ಹಸರು ಸೀರಿ, ನನ ತಂಗಿ
ಏಳವ್ವ ಇಷ್ಟು ಮುನಿಸ್ಯಾಕ

ಕಮಿಟಿಯಲ್ಲಿ ನಾನು ಎದ್ದು ನಿಂತು ಇದನ್ನು ಓದಿದೆ. ಪಂಚಮಿಗೆ ತಡವಾಗಿ ಬಂದ ಅಣ್ಣ, ಮುನಿಸಿಕೊಂಡು ಮಲಗಿದ ತಂಗಿ, ತವರಿನ ಹಸಿರು. ವ್ಯಾಖ್ಯಾನ ಮಾಡುತ್ತ ಮಾಡುತ್ತ ನನ್ನ ಕಣ್ಣಲ್ಲೇ ನೀರು ಬಂತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಹೆಸರು 'ಅಣ್ಣ ತಂದ ಹಸಿರು' ಎಂದು ಸರ್ವಾನುಮತದಿಂದ ಠರಾವಾಯಿತು. ಚೀಟಿಯ ಹಿಂದೆ ಹಾಡನ್ನೂ ಅಚ್ಚು ಹಾಕಿಸುವುದೆಂದಾಯಿತು. ಎರಡೇ ಸಾಲು ಹಿಡಿಯುತ್ತದೆ ಎಂದು ಪ್ರೆಸ್ಸಿನವನು ಹೇಳಿದ್ದರಿಂದ ಮೂರನೆಯದನ್ನು ಬಿಟ್ಟೆವು.

ಅಚ್ಚಿಗೆ ಕೊಡುವ ಮೊದಲು ತುಳಜಾಬಾಯಿಗೆ ಹೇಳಿದೆ. ಕೇಳಲಿಲ್ಲ, ಹೇಳಿದೆ. ಆಕೆ ಲಾಳಿ ನಿಲ್ಲಿಸಿದಳು.

"ಆ ಹಾಡು ಬ್ಯಾಡ್ರಿ ಬಾಯಾರ. ಅದು ಅಂಗಡ್ಯಾಗ ಇಡೂದಲ್ರಿ."

"ನಿಮ್ಮ ಹಾಡಿನ ಬೆಲೆ ನಿಮಗೆ ಗೊತ್ತಿಲ್ಲ ತುಳಜಾಬಾಯಿ" ಎಂದು ನಾನು ಅರ್ಧ ಗಂಟೆ ಭಾಷಣ ಮಾಡಿದೆ. ಆಕೆ ತಲೆ ತಗ್ಗಿಸಿ ಕೇಳಿದಳು. "ನೀವು ಕಲ್ತವರಿದ್ದೀರಿ" ಎಂದಷ್ಟೇ ಅಂದಳು. ನಮ್ಮ ಕಡೆ ಹೆಂಗಸರು ಈ ಮಾತು ಹೇಳಿದರೆಂದರೆ ನೀವು ಅಲ್ಲಿಂದ ಎದ್ದು ಹೋಗುವುದು ಒಳ್ಳೆಯದು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಬೀದರಿನ ಉದ್ಘಾಟನೆಯಲ್ಲಿ ಅಧಿಕಾರಿಗಳ ಹೆಂಡಂದಿರು ಚೀಟಿ ಓದಿ ಓದಿ ಆಹಾ ಎಂದರು. ಆಹಾ ಎಂದವರು ಕೊಳ್ಳಲಿಲ್ಲ, ಅದು ಬೇರೆ ಮಾತು. ನಮ್ಮ ನಿಜವಾದ ಗಿರಾಕಿ ಇದ್ದದ್ದು ಔರಾದಿನ ಸಂತೆಯಲ್ಲಿ. ಅಲ್ಲಿ ಸಂಘದ ಅಂಗಡಿ ಹಾಕಿದ ದಿನ ನಾನೂ ಹೋಗಿ ಕುರ್ಚಿ ಹಾಕಿಕೊಂಡು ಕೂತೆ. ಒಬ್ಬ ಮುದುಕಿ ಮೊಮ್ಮಗಳ ಮದುವೆಗೆಂದು ಬಂದವಳು ನೇರ ಹಸಿರಿಗೇ ಕೈ ಹಾಕಿದಳು. ಒಡಲು ಉಜ್ಜಿ ನೋಡಿದಳು, ಸೆರಗು ತಿರುವಿ ನೋಡಿದಳು, ಗಟ್ಟಿ ಅದ ಎಂದಳು. ಆಮೇಲೆ ಚೀಟಿ ಹಿಡಿದು, "ಇದರಾಗ ಏನ್ ಬರದಾರ ಓದವ್ವ" ಎಂದಳು. ಓದಿದೆ, ಸ್ವಲ್ಪ ರಾಗವಾಗಿಯೇ ಓದಿದೆ. ಎರಡು ಸಾಲು ಮುಗಿಯುತ್ತಲೇ ಮುದುಕಿ ಮೂರನೆಯ ಸಾಲನ್ನು ತಾನೇ ಹೇಳಿದಳು. ಸೀರೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾರ್ ಹೋಗ್ಯಾರವ್ವ?" ಎಂದಳು.

ನನಗೆ ತಿಳಿಯಲಿಲ್ಲ. ಆಕೆಯೇ ತಿಳಿಸಿ ಹೇಳಿದಳು. ಮುತ್ತೈದೆ ಸತ್ತರೆ ತವರಿನವರು ಹಸಿರು ಸೀರೆ ತರಬೇಕು, ಅದನ್ನು ಉಡಿಸಿಯೇ ಮಣ್ಣಿಗೆ ಒಯ್ಯಬೇಕು. ಹೆಣದ ಮುಂದೆ ಹೆಂಗಸರು ಹಾಡಿ ಹಾಡಿ ಅಳುವ ಹಾಡು ಇದು. ತಂಗಿ ಮುನಿಸಿಕೊಂಡಿರಲಿಲ್ಲ. "ಮದವಿ ಮನಿಗಿ ಇದನ್ನ ಒಯ್ತಾರೇನವ್ವ? ಸಾಲಿ ಕಲ್ತಾಕಿ ಕಾಣ್ತಿ" ಎಂದು ಮುದುಕಿ ಎದ್ದು ಹೋದಳು. ಸಂತೆ ಮುಗಿಯುವ ಹೊತ್ತಿಗೆ ಇಡೀ ಔರಾದಿಗೆ ಸುದ್ದಿ ಮುಟ್ಟಿತ್ತು. ಹಸಿರನ್ನು ಬಿಡಿ, ಅದರ ಪಕ್ಕದಲ್ಲಿದ್ದ ಪಾಪದ ಕುಸುಬಿ ಹೂವನ್ನೂ ಯಾರೂ ಮುಟ್ಟಲಿಲ್ಲ.

ಮರುದಿನ ಭಾಲ್ಕಿಗೆ ಹೋದೆ. ಎಂಟು ದಿನದಿಂದ ನೂಲು ಬಂದಿರಲಿಲ್ಲ, ಮಗ್ಗ ಖಾಲಿ. ತುಳಜಾಬಾಯಿ ಪಾತ್ರೆಗಳನ್ನೂ ಗಂಟಿಗೆ ಸೇರಿಸುತ್ತಿದ್ದಳು. ತಪ್ಪಾಯಿತು ಎಂದೆ. ಹಾಡು ಯಾರದು ಎಂದೂ ಕೇಳಿದೆ, ಆಗಲಾದರೂ.

"ನಮ್ಮ ಸಣ್ಣ ತಂಗಿ ಹೋದಾಗ ನಾನೇ ಅತ್ತಿದ್ದು ರೀ. ಅಣ್ಣ ಪುಣೇದಾಗಿದ್ದ, ಹೊತ್ತಾಗಿ ಬಂದ. ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಿದ್ದು ತಂದ. ನೀರು ಬೀಳೂದ್ರಾಗ ಬಣ್ಣ ಬಿಡ್ತು ನೋಡ್ರಿ ಆ ಸೀರಿ, ಆಕಿ ಮೈಯೆಲ್ಲ ಹಸರಾತು." ಚೊಂಬೊಂದನ್ನು ಗಂಟಿಗೆ ತುರುಕಿ, "ಅವತ್ತೇ ಅನ್ಕೊಂಡಿನ್ರಿ, ಬಣ್ಣ ಬಿಡದಂಥದ್ದು ಒಂದು ನೇಯಬೇಕಂತ" ಎಂದಳು.

ಹಾಗಾದರೆ ಆ ಸೀರೆ ಯಾತಕ್ಕೆಂದು ನೇಯ್ದದ್ದೋ ಅದಕ್ಕೇ ಸರಿಯಾದ ಹೆಸರನ್ನು ನಾನು ಇಟ್ಟಿದ್ದೆ, ಅರ್ಥ ಮಾತ್ರ ಗೊತ್ತಿರಲಿಲ್ಲ.

ಮುಂದಿನದನ್ನು ನಾನು ಕಥೆಯಾಗಿ ಬರೆದಿದ್ದರೆ ನೀವು ನಂಬುತ್ತಿರಲಿಲ್ಲ. ಲಾರಿ ಬರಲು ಇನ್ನೂ ಮೂರು ದಿನವಿತ್ತು. ಅಷ್ಟರಲ್ಲಿ ಭಾಲ್ಕಿಯ ಬಸ್ ಸ್ಟ್ಯಾಂಡಿನ ಹತ್ತಿರದ ಸಂಘದ ಅಂಗಡಿಗೆ ಒಬ್ಬ ಮನುಷ್ಯ ಪುಣೆಯ ಬಸ್ಸಿನಿಂದ ಇಳಿದವನೇ ಬಂದು, "ಅಣ್ಣ ತಂದ ಹಸರು ಅದೇನ್ರಿ?" ಎಂದು ಹೆಸರು ಹಿಡಿದು ಕೇಳಿದ. ಮರುದಿನ ಇನ್ನೊಬ್ಬ, ಹೈದರಾಬಾದಿನಿಂದ. ಔರಾದಿನ ಮುದುಕಿ ಮಾಡಿದ ಪ್ರಚಾರವನ್ನು ನಮ್ಮ ಇಲಾಖೆ ಇವತ್ತಿಗೂ ಮಾಡಿಲ್ಲ. ದೂರ ದೇಶದ ಅಣ್ಣಂದಿರು ಆ ವರ್ಷಗಳಲ್ಲಿ ಬಹಳ ಜನ ಇದ್ದರು, ಅವರಿಗೆ ಸೀರೆ ಆರಿಸಲು ಪುರಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಒಂದು ಹೆಸರು ಹೇಳಿದರೆ ಸಾಕಿತ್ತು. ಅಂಗಡಿಯಿಂದ ಸಂಘಕ್ಕೆ, ಸಂಘದಿಂದ ಮಗ್ಗಕ್ಕೆ ಚೀಟಿ ಹೋಯಿತು. ನೂಲು ಬಂತು. ತುಳಜಾಬಾಯಿ ಗಂಟು ಬಿಚ್ಚಿದಳು.

ಉಳಿದ ಹನ್ನೊಂದು ಹೆಸರುಗಳು ರಿಯಾಯಿತಿ ಮಾರಾಟದಲ್ಲಿ ಹೋದವು. ವರ್ಷದ ಸಭೆಯಲ್ಲಿ ಅಧ್ಯಕ್ಷರು ಜನಪದದ ಶಕ್ತಿಯ ಬಗ್ಗೆ ಮಾತಾಡಿ ನನಗೆ ಶಾಲು ಹೊದಿಸಿದರು. ಮುಂದಿನ ವರ್ಷವೂ ಅದೇ ಧಾಟಿಯ ಹಾಡುಗಳಿಂದಲೇ ಹೆಸರು ಆರಿಸಬೇಕೆಂದು ಕೋರಿದರು. ಅವರಿಗೆ ಯಾರೂ ವಿಷಯ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಶಾಲು ಹೊದ್ದುಕೊಂಡು ಕೈಮುಗಿದೆ, ಕಮಿಟಿಗೆ ಮತ್ತೆ ಹೋಗಲಿಲ್ಲ.

ಮೊನ್ನೆಯ 'ಮುಂಗಾರು ಮೌನ' ಮುಟ್ಟಿ ಬಂದ ಮೇಲೆ ಮನಸ್ಸು ತಡೆಯದೆ ಈ ಭಾನುವಾರ ಭಾಲ್ಕಿಗೆ ಹೋಗಿದ್ದೆ. ತುಳಜಾಬಾಯಿಗೆ ಈಗ ಒಂದು ಕಣ್ಣು ಮಂಜು. ಮಗ್ಗ ಸೊಸೆಯದು, ಆದರೂ ಸೆರಗು ಬಂದಾಗ ತಾನೇ ಕೂರುತ್ತಾಳಂತೆ. ನನ್ನ ಆರೋಗ್ಯ ಕೇಳಿದಳು, ಮಂಡಿ ನೋವು ಕೇಳಿದಳು. ಆಮೇಲೆ ಸುಮ್ಮನೆ ಮಾತಿಗೆ ಎಂಬಂತೆ ಕೇಳಿದಳು.

"ಬಾಯಾರ, ನಿಮಗ ಅಣ್ಣ ತಮ್ಮ ಯಾರರೆ ಇದ್ದಾರೇನ್ರಿ?"

ಇಲ್ಲ ಎಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆಯುವಂತೆ ನೋಡಿದಳು.

"ಹಂಗಾರ ನಿಮ್ಮದು ನಾ ನೇಯ್ತೇನಿ. ನಿಮ್ಮ ಮಂದ್ಯಾಗ ಯಾವ ಬಣ್ಣ ಉಡಸ್ತಾರ ಹೇಳ್ರಿ. ಹೆಸರು ಮಾತ್ರ ನಾ ಇಡ್ತೇನಿ."

ನಗು ಬಂತು. ಬಿಳಿ ಎಂದೆ. ಏನು ಹೆಸರು ಇಡುತ್ತೀರಿ ಎಂದು ಕೇಳಲು ಬಾಯಿ ತೆರೆದವಳು, ಜೀವಮಾನದಲ್ಲಿ ಒಂದು ಸಲವಾದರೂ ಹೆಸರು ಆಕೆಯದೇ ಇರಲಿ ಎಂದು ಸುಮ್ಮನಾದೆ.